ಸೀರೆ ಬದಲಾಯಿತು, ಜೊತೆಗೆ ಮುಖವೂ: ಸ್ಟೇಬಲ್ ಡಿಫ್ಯೂಷನ್ ಬಳಸಿದ 14 ತಿಂಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಬುಟೀಕ್. ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ, ಹೊಲಿಗೆ. ಫೋಟೋಗೆ ನಿಲ್ಲುವವಳು ನನ್ನ ನಾದಿನಿ. ಅವಳಿಗೆ ಕೆಲಸ ಬೇರೆ ಇದೆ, ಪ್ರತಿ ಸೀರೆಗೂ ಬಂದು ನಿಲ್ಲೋಕಾಗಲ್ಲ. ಅವಳನ್ನೇ ಕೇಳಿ, ಅವಳ ಒಪ್ಪಿಗೆ ಮೇಲೆ, ಒಂದೇ ಫೋಟೋದಲ್ಲಿ ಬಟ್ಟೆ ಬದಲಾಯಿಸುವ ದಾರಿ ಹುಡುಕಿದೆ.

ಮೊದಲು ಒಂದು ಫೋನ್ ಆ್ಯಪ್. ಹೆಸರು ಬೇಡ. ಸೀರೆ ಚೆನ್ನಾಗಿಯೇ ಬಂತು. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇಕಿ ನಮ್ಮ ಹುಡಿಗಿ ಅಲ್ಲ ಬಿಡವಾ, ಯಾರನ್ನ ಕರ್ಕೊಂಡು ಬಂದೀ?" ಅಂದರು. ಆಮೇಲೆ ನಾನೂ ಸರಿಯಾಗಿ ನೋಡಿದೆ. ನಾದಿನಿಯ ಎಡಗೆನ್ನೆ ಮೇಲೆ ಒಂದು ಮಚ್ಚೆ ಇದೆ, ಮೇಲಿನ ಒಂದು ಹಲ್ಲು ಸ್ವಲ್ಪ ಸೊಟ್ಟ, ಬಲ ಹುಬ್ಬಿನಲ್ಲಿ ಚಿಕ್ಕವಳಿದ್ದಾಗ ಬಿದ್ದ ಗಾಯದ ಗೆರೆ. ಮೂರೂ ಮಾಯ. ಬಣ್ಣವೂ ಒಂದು ಪಟ್ಟು ಬೆಳ್ಳಗಾಗಿತ್ತು. ಚೆಂದದ ಹುಡುಗಿಯೇ, ಆದರೆ ನಮ್ಮ ಮನೆಯವಳಲ್ಲ.

ಹಾಗಾಗಿ ಅಂಗಡಿಯ ಕಂಪ್ಯೂಟರ್‌ಗೆ 12 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಚಿತ್ರ ಬರೆಯುವ ಎಐ ಆದ ಸ್ಟೇಬಲ್ ಡಿಫ್ಯೂಷನ್ 1.5ರ ಇನ್‌ಪೇಂಟಿಂಗ್ ಮಾದರಿಯನ್ನು, ಅಂದರೆ ಫೋಟೋದ ಒಂದು ಭಾಗವನ್ನಷ್ಟೇ ಹೊಸದಾಗಿ ಬರೆಯಬಲ್ಲದ್ದನ್ನು, ಆಟೊಮ್ಯಾಟಿಕ್1111 ವೆಬ್ ಯುಐ ಅನ್ನುವ ತಂತ್ರಾಂಶದಲ್ಲಿ ಓಡಿಸಲು ಶುರು ಮಾಡಿದೆ. ಹಳೆಯ ಮಾದರಿ, ಗೊತ್ತು. ಆದರೆ ಎಲ್ಲಾ ತಿರುಗಣೆಗಳೂ ಕೈಯಲ್ಲಿರುತ್ತವೆ, ಪುಕ್ಕಟೆ ಬೇರೆ. ಇದರಲ್ಲೂ ಮೊದಲ ಎರಡು ತಿಂಗಳು ಮುಖ ಬದಲಾಗುತ್ತಲೇ ಇತ್ತು. ತಪ್ಪು ನನ್ನದೇ. ಯಾಕೆ ಬದಲಾಗುತ್ತದೆ ಅಂತ ಗೊತ್ತಿರಲಿಲ್ಲ.

ನಾವು ಅಂದುಕೊಳ್ಳುವುದು ಹೀಗೆ: ಅದು ಹಳೇ ಫೋಟೋ ಇಟ್ಟುಕೊಂಡು ಮೇಲೆ ಸೀರೆ ಅಂಟಿಸುತ್ತದೆ. ಅದು ಅಂಟಿಸುವುದಿಲ್ಲ. ಇಡೀ ಫೋಟೋ ಕೊಟ್ಟರೆ ಇಡೀ ಫೋಟೋವನ್ನೇ ಮತ್ತೆ ಬರೆಯುತ್ತದೆ. ಮೊದಲು ಚಿತ್ರದ ಮೇಲೆ ನಾಯ್ಸ್ ಸುರಿಯುತ್ತದೆ, ಹಳೇ ಟಿವಿಯಲ್ಲಿ ಬರುತ್ತಿದ್ದ ಚುಕ್ಕೆಗಳ ಹಾಗೆ. ಆಮೇಲೆ ಹಂತ ಹಂತವಾಗಿ ಅದನ್ನು ತೆಗೆಯುತ್ತಾ, ಅಲ್ಲಿ ಏನಿರಬಹುದು ಅಂತ ಊಹಿಸಿ ತುಂಬುತ್ತದೆ. ಎಷ್ಟು ಸುರಿಯಬೇಕು ಅನ್ನುವುದು `Denoising strength` ಅನ್ನುವ ಅಂಕಿ, 0ರಿಂದ 1ರವರೆಗೆ. ಹಸಿರು ಸೀರೆ ಹೋಗಿ ಕಪ್ಪು ಇಳಕಲ್ ಬರಬೇಕಾದರೆ ನನಗೆ 0.75 ಆದರೂ ಬೇಕಾಗುತ್ತದೆ. ಅಷ್ಟು ಸುರಿದರೆ ಮುಖದ್ದೂ ಏನೂ ಉಳಿಯಲ್ಲ. 0.3ಕ್ಕೆ ಇಳಿಸಿದರೆ ಮುಖ ಸುಮಾರಾಗಿ ಉಳಿಯುತ್ತದೆ, ಸೀರೆಯೂ ಹಸಿರಾಗೇ ಉಳಿಯುತ್ತದೆ. ಎರಡಕ್ಕೂ ಒಂದೇ ತಿರುಗಣೆ, ಅದೇ ಗೋಳು.

ಮುಖವನ್ನು ಊಹಿಸುವಾಗ ಅದರ ಕೈಯಲ್ಲಿ ಏನಿದೆ? ನಾನು ಬರೆದ ಒಂದು ಸಾಲು. ರೇಷ್ಮೆ ಸೀರೆ ಉಟ್ಟ ಹೆಂಗಸು, ಅಷ್ಟೇ. ಮಚ್ಚೆ, ಸೊಟ್ಟ ಹಲ್ಲು ಆ ಸಾಲಿನಲ್ಲಿಲ್ಲ. ಬರೆದರೂ ಅದೇ ಜಾಗಕ್ಕೆ, ಅದೇ ಅಳತೆಗೆ ಬರಲ್ಲ. ಆಗ ಅದು ಕಲಿತ ಸಾವಿರಾರು ರೇಷ್ಮೆ ಸೀರೆ ಫೋಟೋಗಳ ಕಡೆ ವಾಲುತ್ತದೆ. ಮದುವೆ ಸೀರೆ ಅಂತ ಬರೆದ ದಿನ ನಾದಿನಿಗೆ ಮೇಕಪ್, ಮೂಗುತಿ, ತೀಡಿದ ಹುಬ್ಬು ಎಲ್ಲಾ ಬಂದಿದ್ದವು. ಬಟ್ಟೆಯ ಹೆಸರೇ ಮುಖವನ್ನೂ ಎಳೆದುಕೊಂಡು ಬರುತ್ತದೆ.

ಇನ್ನೊಂದು ಕಾರಣ ಗೊತ್ತಾಗಲು ನನಗೆ ತುಂಬಾ ದಿನ ಹಿಡಿಯಿತು. ಈ ಮಾದರಿ ಫೋಟೋ ಮೇಲೆ ನೇರವಾಗಿ ಕೆಲಸ ಮಾಡಲ್ಲ. ವಿಎಇ ಅನ್ನುವ ಒಂದು ಭಾಗ ಮೊದಲು ಫೋಟೋವನ್ನು ಕುಗ್ಗಿಸುತ್ತದೆ, ಕೊನೆಗೆ ಮತ್ತೆ ಹಿಗ್ಗಿಸುತ್ತದೆ. ಅಗಲ ಎತ್ತರ ಎರಡರಲ್ಲೂ 8 ಪಟ್ಟು ಕುಗ್ಗುತ್ತದೆ. 512 ಪಿಕ್ಸೆಲ್ ಅಗಲದ ಚಿತ್ರ ಒಳಗೆ ಬರೀ 64 ಮನೆ. ಕಾಲಿನವರೆಗೆ ನಿಂತ ಫೋಟೋದಲ್ಲಿ ಮುಖದ ಅಗಲ ಸುಮಾರು 70 ಪಿಕ್ಸೆಲ್ ಅಂದುಕೊಳ್ಳಿ, ಒಳಗೆ ಅದು 9 ಮನೆಯೂ ಆಗಲ್ಲ. ಒಂದು ಕಣ್ಣಿಗೆ ಒಂದೂವರೆ ಮನೆ. ಅಷ್ಟರಲ್ಲಿ ಯಾರ ಕಣ್ಣು ಅಂತ ಹೇಗೆ ಉಳಿಯಬೇಕು? ಸೀರೆಯಲ್ಲಿ ನಾಲ್ಕು ಎಳೆ ಆಚೀಚೆ ಆದರೆ ಯಾರಿಗೂ ಕಾಣಲ್ಲ. ಮುಖದಲ್ಲಿ ಕಣ್ಣಿನ ಮೂಲೆ ಎರಡು ಪಿಕ್ಸೆಲ್ ಕೆಳಗಾದರೂ ಅತ್ತೆಗೆ ಗೊತ್ತಾಗುತ್ತದೆ.

ಇಷ್ಟು ತಿಳಿದ ಮೇಲೆ ಉಪಾಯ ಒಂದೇ ಕಂಡಿತು. ಮುಖವನ್ನು ಚೆನ್ನಾಗಿ ಬರೆಸುವುದಲ್ಲ, ಬರೆಯಲು ಬಿಡದೇ ಇರುವುದು. ಬದಲಾಗಬೇಕಾದ ಜಾಗದ ಮೇಲೆ ಬ್ರಷ್‌ನಿಂದ ಬಳಿಯುವ ಗುರುತಿಗೆ ಮಾಸ್ಕ್ ಅನ್ನುತ್ತಾರೆ. ಮಾಸ್ಕ್ ಹಾಕಿದ ಜಾಗವನ್ನಷ್ಟೇ ಅದು ಬರೆಯಲಿ, ತಲೆ ಹಳೇ ಫೋಟೋದ್ದೇ ಇರಲಿ.

ಗೆರೆ ಎಲ್ಲಿ ಹಾಕುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಾನು ಮೊದಲು ಗದ್ದದ ಅಂಚಿನವರೆಗೂ ಮಾಸ್ಕ್ ಬಳಿಯುತ್ತಿದ್ದೆ. ಮುಖದ ಒಂದು ಪಿಕ್ಸೆಲ್ಲೂ ಬದಲಾಗಿರಲಿಲ್ಲ, ಆದರೂ ಬೇರೆ ಯಾರೋ ಅನ್ನಿಸುತ್ತಿತ್ತು. ನೋಡಿದರೆ, ಗದ್ದದ ಕೆಳಗಿನ ನೆರಳನ್ನು ಅದು ಹೊಸದಾಗಿ ಬರೆದಿತ್ತು. ನೆರಳು ತೆಳುವಾದರೆ ದವಡೆ ದುಂಡಗೆ ಕಾಣುತ್ತದೆ. ಈಗ ಕುತ್ತಿಗೆಯನ್ನು ಪೂರ್ತಿ ಬಿಟ್ಟು, ಕುತ್ತಿಗೆ ಬುಡದಲ್ಲಿ ಗೆರೆ ಹಾಕುತ್ತೇನೆ. ಭುಜದ ಮೇಲೆ ಬಿದ್ದ ಜಡೆಯನ್ನೂ ಬಿಡುತ್ತೇನೆ. ಭುಜ ಕಿರಿದಾಗಿ ತಲೆ ದಪ್ಪ ಕಂಡರೂ ಇದೇ ಥರ ಮೋಸ ಆಗುತ್ತದೆ. ಅದಕ್ಕೆ ಕಂಟ್ರೋಲ್‌ನೆಟ್ ಅನ್ನುವ ಸೇರ್ಪಡೆಯ ಡೆಪ್ತ್ ಹಾಕಿ ಮೈಯ ಆಕಾರವನ್ನು ಹಳೇ ಫೋಟೋದ ಹಾಗೇ ಹಿಡಿದಿಡುತ್ತೇನೆ.

ಕಷ್ಟ ಬಂದಿದ್ದು ತಲೆ ಮೇಲೆ ಸೆರಗು ಹೊದ್ದ ಫೋಟೋಗೆ. ನಮ್ಮ ಕಡೆ ಇಳಕಲ್ ಅಂದರೆ ಹಾಗೆ ಉಟ್ಟು ತೋರಿಸಿ ಅಂತ ಕೇಳುವವರು ಜಾಸ್ತಿ. ಈಗ ತಲೆಯನ್ನು ಬಿಡುವ ಹಾಗೂ ಇಲ್ಲ. ಮೊದಲ ಸಲ ಪೂರ್ತಿ ತಲೆಗೆ ಮಾಸ್ಕ್ ಹಾಕಿದೆ, ಹೊಸ ಹೆಂಗಸು ಬಂದಳು. ಎರಡನೇ ಸಲ ಮುಖ ಬಿಟ್ಟು ಕೂದಲಿಗೆ ಮಾತ್ರ ಹಾಕಿದೆ. ಸೆರಗಿನ ಮಡಿಕೆಯೊಳಗೆ ಇನ್ನೊಂದು ಪುಟ್ಟ ಮುಖ ಮೂಡಿತು! ರಾತ್ರಿ ಹೊತ್ತು ನೋಡಿದ್ದರೆ ಹೆದರುತ್ತಿದ್ದೆ. ಕಾರಣ ಇಷ್ಟೇ: `Only masked` ಆರಿಸಿದ್ದೆ, `Only masked padding, pixels` 32ರಲ್ಲೇ ಇತ್ತು. ಅಂದರೆ ಮಾಸ್ಕ್ ಸುತ್ತ 32 ಪಿಕ್ಸೆಲ್ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ನನ್ನದು ದೊಡ್ಡ ಫೋಟೋ, ಸೆರಗನ್ನು ತುಂಡು ತುಂಡಾಗಿ ಬರೆಸುತ್ತಿದ್ದೆ. ಆ ತುಂಡಿನ ಪಕ್ಕದಲ್ಲೇ ನಿಜವಾದ ಮುಖ ಇರುವುದು ಅದಕ್ಕೆ ಕಾಣಲೇ ಇಲ್ಲ. ಹೆಂಗಸು ಅಂತ ಬರೆದಿದ್ದೀಯಲ್ಲ, ತಗೋ ಮುಖ ಅಂತ ಬರೆದುಕೊಟ್ಟಿದೆ.

ಕೊನೆಗೆ ಕೆಲಸ ಮಾಡಿದ್ದು ಹೀಗೆ. ಗಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶದಲ್ಲಿ ಫೋಟೋ ತೆರೆದು, ಕೂದಲ ಮೇಲೆ ಸೆರಗಿನ ಆಕಾರಕ್ಕೆ ಸುಮ್ನೆ ಕೆಂಪು ಬಣ್ಣ ಬಳಿದೆ, ಮಕ್ಕಳು ಬಳಿದ ಹಾಗೆ. ಹಣೆಯ ಮೇಲೆ ಒಂದು ಬೆರಳಗಲ ಕೂದಲು, ಕಿವಿಯ ಮುಂದಿನ ಕೂದಲು ಹಾಗೇ ಬಿಟ್ಟೆ. ಆ ಕೆಂಪಿನ ಮೇಲೆ, ಅದಕ್ಕಿಂತ ಚೂರು ಹೊರಗೆ ಚಾಚಿ ಮಾಸ್ಕ್ ಹಾಕಿದೆ. `Masked content` ಅನ್ನು `original` ಇಟ್ಟೆ, ಪ್ಯಾಡಿಂಗ್ ಸುಮಾರು 150ಕ್ಕೆ ಏರಿಸಿದೆ, `Denoising strength` 0.6. ಬರೆಯುವ ಸಾಲಿನಲ್ಲಿ ಹೆಂಗಸು ಅನ್ನುವ ಪದವನ್ನೇ ತೆಗೆದು ಕೆಂಪು ರೇಷ್ಮೆ ಬಟ್ಟೆ, ಮಡಿಕೆ ಅಂತಷ್ಟೇ ಇಟ್ಟೆ. ಈಗ ಅದಕ್ಕೆ ಊಹಿಸುವ ಕೆಲಸ ಕಡಿಮೆ. ಬಣ್ಣ, ಆಕಾರ ಎರಡೂ ಅಲ್ಲೇ ಇವೆ, ಬಳಿದದ್ದನ್ನು ಬಟ್ಟೆ ಮಾಡಿದರೆ ಸಾಕು. ನಾಲ್ಕು ಚಿತ್ರ ಬರೆಸಿದರೆ ಒಂದು ಚೆನ್ನಾಗಿ ಬರುತ್ತದೆ.

ಅದಾದ ಮೇಲೂ ತಲೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿತ್ತು. ತಲೆ ಮೇಲೆ ಬಟ್ಟೆ ಇದ್ದರೆ ಹಣೆ ಮೇಲೆ ಸ್ವಲ್ಪ ನೆರಳು ಬೀಳಬೇಕಲ್ವಾ? ಮುಖ ಹಳೆಯದು, ಅದರಲ್ಲಿ ನೆರಳಿಲ್ಲ. ಇದನ್ನು ಮಾದರಿಗೆ ಒಪ್ಪಿಸಬೇಡಿ, ಒಪ್ಪಿಸಿದರೆ ಹಣೆ ಮತ್ತೆ ಹೊಸದಾಗುತ್ತದೆ. ಗಿಂಪ್‌ನಲ್ಲಿ ಇನ್ನೊಂದು ಪದರ ಸೇರಿಸಿ, ಮೋಡ್ `Multiply` ಮಾಡಿ, ಮೆತ್ತಗಿನ ಬ್ರಷ್‌ನಲ್ಲಿ ಕಂದು ಬಣ್ಣವನ್ನು ತೆಳುವಾಗಿ ಎಳೆಯುತ್ತೇನೆ. ಎರಡು ನಿಮಿಷದ ಕೆಲಸ.

ಮುಖ ನಿಜವಾಗಿ ಮುಟ್ಟದೇ ಉಳಿದಿದೆಯಾ ಅಂತ ಕಣ್ಣಿನಿಂದ ತೀರ್ಮಾನ ಮಾಡಬೇಡಿ. ನಾನು ಹಳೆಯ ಫೋಟೋ ಮೇಲೆ ಹೊಸದನ್ನು ಪದರವಾಗಿ ಇಟ್ಟು ಮೋಡ್ ಅನ್ನು `Difference` ಮಾಡುತ್ತೇನೆ. ಬದಲಾಗದ ಜಾಗ ಅಚ್ಚ ಕಪ್ಪು, ಬದಲಾದದ್ದು ಬೆಳ್ಳಗೆ ಕಾಣುತ್ತದೆ. ನೆರಳು ಎಳೆಯುವ ಮೊದಲೇ ಇದನ್ನು ಮಾಡಿ. ಪಿಎನ್‌ಜಿಯಲ್ಲೇ ಉಳಿಸಿರಬೇಕು, ಜೆಪೆಗ್ ಆದರೆ ಎಲ್ಲಾ ಕಡೆ ಸಣ್ಣ ಚುಕ್ಕೆ ಬಂದು ಗೊಂದಲ.

ಈ ಪರೀಕ್ಷೆಯಿಂದಲೇ ಇನ್ನೊಂದು ತಪ್ಪು ಸಿಕ್ಕಿತು. ಎಂಟನೇ ತಿಂಗಳಲ್ಲಿ, ಇದೇ ಮಾದರಿಯನ್ನು ಓಡಿಸುವ ಇನ್ನೊಂದು ತಂತ್ರಾಂಶ ಕಂಫಿಯುಐಗೆ ಬದಲಾದೆ. ಅದರಲ್ಲಿ ಪ್ರತಿ ಹಂತವೂ ಒಂದು ನೋಡ್, ಅವನ್ನು ನಾವೇ ಸರಪಳಿಯಾಗಿ ಜೋಡಿಸಬೇಕು. ಮಾಸ್ಕ್ ಸರಿಯಾಗಿತ್ತು, ಆದರೂ ಮುಖದ ಜಾಗದಲ್ಲಿ ಕಣ್ಣು, ತುಟಿಯ ಗೆರೆಗಳು ಮಸುಕಾಗಿ ಹೊಳೆದವು. ಆಟೊಮ್ಯಾಟಿಕ್1111 ಕೊನೆಯಲ್ಲಿ ಮಾಸ್ಕ್ ಹೊರಗಿನ ಜಾಗಕ್ಕೆ ಹಳೇ ಫೋಟೋವನ್ನೇ ತಾನಾಗಿ ಹೊದಿಸುತ್ತದೆ. ಕಂಫಿಯಲ್ಲಿ ನಾನು ಜೋಡಿಸಿದ ಸರಪಳಿಯಲ್ಲಿ ಆ ಹಂತ ಇರಲಿಲ್ಲ. ಹಾಗಾಗಿ ಮುಟ್ಟದ ಮುಖವೂ ವಿಎಇ ಮೂಲಕ ಕುಗ್ಗಿ ಹಿಗ್ಗಿ ಬರುತ್ತಿತ್ತು. ಒಂದು ಸಲಕ್ಕೆ ಗೊತ್ತೇ ಆಗಲ್ಲ. ನಾನು ಮಾಡುತ್ತಿದ್ದ ಹಾಗೆ ಬಂದ ಚಿತ್ರದ ಮೇಲೇ ಮತ್ತೊಂದು ಸೀರೆ ಉಡಿಸುತ್ತಾ ಹೋದರೆ, ಮೂರನೇ ಸೀರೆಗೆ ಕಣ್ಣು ಕಲಸಿದ ಹಾಗಾಗುತ್ತದೆ. ಈಗ ಹಳೇ ಫೋಟೋವನ್ನು ಹೊದಿಸಲು ಕೊನೆಗೆ `ImageCompositeMasked` ನೋಡ್ ಸೇರಿಸಿದ್ದೇನೆ, ಮತ್ತು ಪ್ರತಿ ಸೀರೆಯನ್ನೂ ಮೂಲ ಫೋಟೋದಿಂದಲೇ ಶುರು ಮಾಡುತ್ತೇನೆ.

ಮುಖ ಕೆಟ್ಟರೆ ಸರಿ ಮಾಡುವ ಉಪಾಯಗಳನ್ನೂ ನೋಡಿದೆ. `Restore faces` ಒತ್ತಿದರೆ ಹಲ್ಲು ನೆಟ್ಟಗಾಗಿ, ಮಚ್ಚೆ ಒರೆಸಿಹೋಯಿತು. ಅದೂ ಊಹಿಸಿ ಬರೆಯುವ ಮಾದರಿಯೇ. ಮುಖ ಅದಲು ಬದಲು ಮಾಡುವ `inswapper_128` ಹೆಸರಲ್ಲೇ ಇರುವ ಹಾಗೆ 128 ಪಿಕ್ಸೆಲ್‌ನ ಮುಖ ಕೊಡುತ್ತದೆ, ದೊಡ್ಡ ಫೋಟೋದಲ್ಲಿ ಮೇಣದ ಗೊಂಬೆ. ಐಪಿ ಅಡಾಪ್ಟರ್ ಫೇಸ್ ಐಡಿ ಮುಖವನ್ನು ಒಂದಷ್ಟು ಅಂಕಿಗಳಾಗಿ ಹಿಂಡಿಕೊಂಡು ಆ ಹೋಲಿಕೆಯಲ್ಲಿ ಬರೆಯುತ್ತದೆ. ಅಕ್ಕತಂಗಿ ಅನ್ನುವಷ್ಟು ಹೋಲುತ್ತದೆ, ಅವಳೇ ಆಗಲ್ಲ. ತಲೆ ಬೇರೆ ಕಡೆ ತಿರುಗಬೇಕು ಅಂದರೆ ಮಾತ್ರ ಇಂಥವು ಬೇಕಾಗುತ್ತವೆ. ಈ ಕೊನೆಯ ಎರಡೂ ಇನ್‌ಸೈಟ್‌ಫೇಸ್ ಅನ್ನುವ ತಂಡದ ಮಾದರಿಗಳ ಮೇಲೆ ನಿಂತಿವೆ. ಅವರು ತಮ್ಮ ತಯಾರಿ ಮಾದರಿಗಳನ್ನು ವ್ಯಾಪಾರವಲ್ಲದ ಸಂಶೋಧನೆಗೆ ಮಾತ್ರ ಕೊಟ್ಟಿದ್ದಾರೆ, ಅಂಗಡಿಯವರು ಇದನ್ನು ನೋಡಿಕೊಳ್ಳಿ.

ತಲೆ ತಿರುಗಿದ ಫೋಟೋ ಬೇಕಾದರೆ ನಾನೀಗ ಹೊಸ ಫೋಟೋನೇ ತೆಗೆಯುತ್ತೇನೆ. ನಾದಿನಿ ತಿಂಗಳಿಗೊಂದು ಭಾನುವಾರ ಬರುತ್ತಾಳೆ. ಆರು ಭಂಗಿ, ಅದರಲ್ಲಿ ಎರಡು ತಲೆ ಮೇಲೆ ಸಾದಾ ಬಟ್ಟೆ ಹೊದ್ದು. ಆಗ ನೆರಳೂ ನಿಜವಾದದ್ದೇ ಸಿಗುತ್ತದೆ, ಮಾಸ್ಕ್ ಆ ಬಟ್ಟೆ ಮೇಲಷ್ಟೇ. ಮೊದಲು ಒಂದು ಫೋಟೋಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಈಗ ಕಾಲು ಗಂಟೆ.

ಐದಕ್ಕೆ ಮೂರೂವರೆ ಅಂಕ. ಒಂದೂವರೆ ಕಳೆದದ್ದು ಮುಖಕ್ಕಲ್ಲ, ಇಳಕಲ್ ಸೆರಗಿನ ಟೋಪ್ ತೆನೆ ವಿನ್ಯಾಸಕ್ಕೆ. ಬಿಳಿ ತೆನೆಗಳನ್ನು ಒಂದು ಸಲವೂ ಸರಿಯಾಗಿ ಬರೆದಿಲ್ಲ. ಒಂದು ಕಡೆ ಎಂಟು ಹಲ್ಲು, ಪಕ್ಕದಲ್ಲಿ ಐದು. ಅದಕ್ಕೇ ಪ್ರತಿ ಚಿತ್ರದ ಕೆಳಗೆ ಸೀರೆ ಕಂಪ್ಯೂಟರ್‌ನಲ್ಲಿ ಉಡಿಸಿದ್ದು ಅಂತ ಹಾಕಿ, ಪಕ್ಕದಲ್ಲಿ ನಿಜವಾದ ಸೆರಗನ್ನು ಹರಡಿ ತೆಗೆದ ಫೋಟೋ ಇಡುತ್ತೇನೆ. ಗಿರಾಕಿಗಳು ದೊಡ್ಡದು ಮಾಡಿ ನೋಡುವುದು ಆ ಎರಡನೇ ಫೋಟೋನೇ.