ಕುದಿಸಿದ ಬೋರ್‌ವೆಲ್ ನೀರನ್ನು ಸ್ಟೀಮ್ ಐರನ್‌ಗೆ ಹಾಕುವ ಮುನ್ನ

ಒಂದು ಮನೆಯಲ್ಲಿ ಆದದ್ದು ಇದು. ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಅದನ್ನೇ ಸ್ಟೀಮ್ ಇಸ್ತ್ರಿಪೆಟ್ಟಿಗೆಗೆ ತುಂಬಿಸುತ್ತಿದ್ದರು. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂತದ್ದನ್ನು ಕಂಡು, ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣವೆಲ್ಲ ಅಲ್ಲೇ ಉಳಿಯಿತು ಅಂದುಕೊಂಡಿದ್ದರು. ಒಂದು ತಿಂಗಳಿಗೆ ಕಪ್ಪು ಬಟ್ಟೆಯ ಮೇಲೆ ಬಿಳಿ ಚೂರುಗಳು ಉದುರತೊಡಗಿದವು, ಆಮೇಲೆ ಹಬೆಯ ರಂಧ್ರಗಳೇ ಮುಚ್ಚಿದವು.

ಆ ಪುಡಿ ನಿಜವೇ, ಆದರೆ ಅದು ಅರ್ಧ ಲೆಕ್ಕ. ಕುದಿಸಿದಾಗ ಹೊರಬೀಳುವುದು ತಾತ್ಕಾಲಿಕ ಗಡಸುತನ ಮಾತ್ರ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು, ಕರಗದ ಕಾರ್ಬೊನೇಟ್ ಆಗುತ್ತದೆ:

Ca(HCO3)2 → CaCO3 + CO2 + H2O

ಗೀಸರ್ ಕಾಯಿಲ್ ಮೇಲೆ ಕಲ್ಲಿನಂತೆ ಕೂರುವುದೂ ಹೆಚ್ಚಾಗಿ ಇದೇ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಲ್ಫೇಟ್ ಮತ್ತು ಕ್ಲೋರೈಡ್ ಹೀಗೆ ಒಡೆಯುವುದಿಲ್ಲ. ಅದು ಶಾಶ್ವತ ಗಡಸುತನ. ಎಷ್ಟು ಹೊತ್ತು ಕುದಿಸಿದರೂ ನೀರಿನಲ್ಲೇ ಇರುತ್ತದೆ.

ಉದಾಹರಣೆಗೆ ಲ್ಯಾಬ್ ವರದಿಯಲ್ಲಿ ಒಟ್ಟು ಗಡಸುತನ ಲೀಟರಿಗೆ 500 ಮಿ.ಗ್ರಾಂ, ಕ್ಷಾರತೆ 300 ಎಂದಿರಲಿ (ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ಸಾಮಾನ್ಯ ಬೋರ್‌ವೆಲ್ ನೀರಿನಲ್ಲಿ ಕ್ಷಾರತೆ ಬರುವುದು ಬೈಕಾರ್ಬೊನೇಟ್‌ನಿಂದ, ಹಾಗಾಗಿ ಆ 300 ತಾತ್ಕಾಲಿಕ, ಉಳಿದ 200 ಶಾಶ್ವತ. ಗಡಸುತನಕ್ಕಿಂತ ಕ್ಷಾರತೆಯೇ ಹೆಚ್ಚಿದ್ದರೆ ಶಾಶ್ವತ ಭಾಗ ಇಲ್ಲವೆಂದೇ ಹೇಳಬಹುದು. ಈಗ 10 ಲೀಟರ್ ನೀರು ಕುದ್ದು 8 ಲೀಟರ್‌ಗೆ ಇಳಿಯಿತು ಅನ್ನಿ. ಹೋದದ್ದು ಬರೀ ಹಬೆ, ಹಾಗಾಗಿ ಶಾಶ್ವತ ಗಡಸುತನ 200ರಿಂದ 250ಕ್ಕೆ ಏರಿತು. ಹೆಚ್ಚು ಕುದಿಸಿದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ತಿರುಗುಬಾಣ.

ಇಸ್ತ್ರಿಪೆಟ್ಟಿಗೆಯಲ್ಲಿ ಇದು ಕೆಡುಕು, ಏಕೆಂದರೆ ಅಲ್ಲಿ ನೀರು ಪೂರ್ತಿ ಆರಿಹೋಗುತ್ತದೆ, ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ 300 ಮಿ.ಲೀ. ತುಂಬಿದರೆ 75 ಮಿ.ಗ್ರಾಂ, ಮೂವತ್ತು ಸಲಕ್ಕೆ ಎರಡು ಗ್ರಾಂ ದಾಟುತ್ತದೆ. ಸಣ್ಣ ರಂಧ್ರಗಳಿಗೆ ಅಷ್ಟು ಸಾಕು.

ಯಾವ ಪದರ ಎಂದು ತಿಳಿಯಲು ಒಂದು ಚೂರನ್ನು ವಿನೆಗರ್‌ಗೆ ಹಾಕಿ. ನೊರೆಗುಳ್ಳೆ ಎದ್ದು ಕರಗಿದರೆ ಕಾರ್ಬೊನೇಟ್. ಸುಮ್ಮನೆ ಕೂತರೆ ಬಹುಶಃ ಸಲ್ಫೇಟ್. ಅದಕ್ಕೆ ವಿನೆಗರ್, ನಿಂಬೆ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ, ಹಾಗಾಗಿ ಅದು ಕೂರದಂತೆ ನೋಡಿಕೊಳ್ಳುವುದೇ ದಾರಿ. ಕೆಟಲ್‌ನ ಕಾರ್ಬೊನೇಟ್ ಪದರಕ್ಕೆ ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು ಹಾಕಿದ ಬೆಚ್ಚನೆ ನೀರು ಸಾಕು. ಅದನ್ನು ಕುದಿಸಬೇಡಿ: ಬಿಸಿ ಹೆಚ್ಚಾದರೆ ಕ್ಯಾಲ್ಸಿಯಂ ಸಿಟ್ರೇಟ್ ಬೇರ್ಪಟ್ಟು ಇನ್ನೊಂದು ಬಿಳಿ ಪದರವಾಗುತ್ತದೆ.

ಕ್ಯಾಂಡಲ್ ಫಿಲ್ಟರ್ ಕೂಡ ಕರಗಿದ ಲವಣ ಹಿಡಿಯದು. ಇಸ್ತ್ರಿಪೆಟ್ಟಿಗೆಗೆ ಆರ್‌ಒ ನೀರು ಹಾಕಿ. ಡಿಸ್ಟಿಲ್ಡ್ ನೀರಾದರೆ ಕೈಪಿಡಿ ನೋಡಿಕೊಂಡೇ ತುಂಬಿಸಿ, ಕೆಲವು ಮಾದರಿಗಳಿಗೆ ಅದನ್ನು ಬೇಡ ಎಂದಿರುತ್ತಾರೆ.