ಪೂರ್ತಿ ಆರ್ಡರ್ ಕೇಳೋದಾ, ಒಂದು ಪಾಲು ಕೇಳೋದಾ?

ನಿಮ್ಮದು ಮಂಡ್ಯದ ಆಲೆಮನೆ. ಮೈಸೂರಿನ ಒಬ್ಬಟ್ಟಿನ ಅಂಗಡಿಗೆ ಬೆಲ್ಲ ಕೊಡಬೇಕು. ಅಲ್ಲಿ ಆಗಲೇ ಬೇರೆಯವರ ಬೆಲ್ಲ ಬರುತ್ತಿದೆ.

ಪೂರ್ತಿ ಆರ್ಡರ್ ಕೇಳಿದರೆ ‘ಅವರದ್ದು ಯಾಕೆ ಬಿಡಬೇಕು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ‘ಅವರು ಬಣ್ಣಕ್ಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುತ್ತಾರೆ’ ಅಂದುಬಿಟ್ಟರೆ ಕೆಟ್ಟಿತು. ಆರಿಸಿದ್ದು ಮಾಲೀಕರೇ ಅಲ್ವಾ? ಅವರು ಹಳಬರ ಪರ ಮಾತಾಡಲು ಶುರುಮಾಡಿದರೆ ಮಾತು ದಾರಿ ತಪ್ಪಿದೆ ಅಂತಲೇ ಲೆಕ್ಕ. ಹಳಬರು ತಾವಾಗಿಯೇ ಸರಬರಾಜು ನಿಲ್ಲಿಸುತ್ತಿದ್ದರೆ ಮಾತ್ರ ಪೂರ್ತಿ ಆರ್ಡರ್ ಕೇಳುವುದು ಸರಿ.

ಒಂದು ಪಾಲು ಕೇಳುವುದಾದರೆ ಮೊದಲು ‘ಈಗಿನ ಬೆಲ್ಲದಲ್ಲಿ ಏನು ಇಷ್ಟ ಅಣ್ಣ?’ ಅಂತ ಕೇಳಿ. ‘ಬಣ್ಣ ಚೆನ್ನಾಗಿದೆ, ಆದರೆ ಮಳೆಗಾಲದಲ್ಲಿ ದಾಸ್ತಾನು ನೀರೊಡೆಯುತ್ತೆ’ ಅಂದರು ಅಂದುಕೊಳ್ಳಿ. ಆಗ ಹೀಗೆ ಹೇಳಿ: ‘ಬಣ್ಣ ಮುಖ್ಯವಾದ ತಿಂಡಿಗೆ ಅವರದ್ದೇ ಇರಲಿ. ನಮ್ಮ ಬೆಲ್ಲ ಕಪ್ಪು. ಕಾಯೊಬ್ಬಟ್ಟಿಗೆ ವಾರಕ್ಕೆ 10 ಕೆ.ಜಿ. ತಂದುಕೊಡ್ತೀವಿ, ದಾಸ್ತಾನು ಬೇಡ.’ ಬೆಲ್ಲ ಗಾಳಿಯ ತೇವ ಹೀರುತ್ತದೆ, ಯಾರದ್ದಾದರೂ ಅಷ್ಟೇ. ಅದಕ್ಕೇ ಇಲ್ಲಿ ದೂರು ಬೇಕಿಲ್ಲ. ಆದರೆ ಇಷ್ಟು ಕಮ್ಮಿ ಮಾಲಿಗೆ ಸಾಗಣೆ ಖರ್ಚು ಜಾಸ್ತಿ. ಅದೇ ಬೀದಿಯಲ್ಲಿ ಇನ್ನೆರಡು ಅಂಗಡಿ ಸಿಗದಿದ್ದರೆ ಗಿಟ್ಟುವುದಿಲ್ಲ. ಸಿಕ್ಕರೆ, ನಾನು ಇದನ್ನೇ ಆರಿಸುತ್ತೇನೆ.