"ಒರಿಜಿನಲ್ ಎಚ್‌ಎಂಟಿ ಪೈಲಟ್" ಅಂತ ಹಾಕಿ ಮಾರುವವರ ಬಗ್ಗೆ ಎಚ್ಚರಿಕೆ

ಹಳೇ ಎಚ್‌ಎಂಟಿ ವಾಚನ್ನು ಆನ್‌ಲೈನಲ್ಲಿ ಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. ಮಾರುವವರೂ ಓದಿ. ನಿಮ್ಮ ಹತ್ತಿರ ಬಿಲ್ ಇಲ್ಲ, ಬಾಕ್ಸ್ ಇಲ್ಲ, ವಾಚು ಬಿಚ್ಚಿ ನೋಡಿಲ್ಲ ಅಂದಮೇಲೆ "ಒರಿಜಿನಲ್" ಅಂತ ಹಾಕೋ ಹಕ್ಕು ನಿಮಗಿಲ್ಲ. ಇಷ್ಟು ಹೇಳೋಕೇ ಈ ಬರಹ. ಆದ್ರೆ ನನಗಾದದ್ದು ಹೇಳದೆ ಅದು ಅರ್ಥ ಆಗಲ್ಲ.

ಜಾಹೀರಾತಿನಲ್ಲಿ ಇದ್ದದ್ದು ಹೀಗೆ: "ಒರಿಜಿನಲ್ ಎಚ್‌ಎಂಟಿ ಪೈಲಟ್, ಬ್ಲ್ಯಾಕ್ ಡಯಲ್, ಎನ್‌ಒಎಸ್, ಒಂದು ಸಲವೂ ಕಟ್ಟಿಲ್ಲ, 100% ಗ್ಯಾರಂಟಿ." ಎನ್‌ಒಎಸ್ ಅಂದ್ರೆ ವಾಚು ಕೊಳ್ಳೋರಿಗೆ ಗೊತ್ತು, ಆ ಕಾಲದಲ್ಲಿ ಮಾರಾಟವಾಗದೆ ಅಂಗಡಿಯಲ್ಲೇ ಉಳಿದುಹೋದ, ಬಳಸದ ಮಾಲು. ಅದಕ್ಕೇ ಬೆಲೆ. ಕೀ ಕೊಡುವ ಹಳೇ ಪೈಲಟ್ ಓಡುವ ಸ್ಥಿತಿಯಲ್ಲಿ ಎಷ್ಟಕ್ಕೆ ಸಿಗುತ್ತೋ ಅದರ ಎರಡು ಪಟ್ಟಿಗಿಂತ ಹೆಚ್ಚು, 5,800 ರೂಪಾಯಿ ಕೊಟ್ಟೆ. ಕೊಡೋ ಮುಂಚೆ ಕೇಳಿದೆ, "ಡಯಲ್ ರೀಪೇಂಟ್ ಅಲ್ಲ ತಾನೆ?" ಬಂದ ಉತ್ತರ: "ಸರ್, ಒರಿಜಿನಲ್ ಅಂತ ಹಾಕಿದೀನಲ್ಲ." ಕೇಳಿದ್ದು ಡಯಲ್ ಬಗ್ಗೆ, ಉತ್ತರ ಬಂದದ್ದು ಜಾಹೀರಾತಿನ ಬಗ್ಗೆ. ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ವಾಚು ತಗೊಂಡದ್ದು ನಮ್ಮ ಮಾವನವರಿಗೆ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಜೋಡಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಸ್ವಂತ ಪೈಲಟ್ ಎಂದೋ ಬಸ್ಸಲ್ಲಿ ಕಳೆದುಹೋಗಿತ್ತು. ಎಪ್ಪತ್ತರ ಭೀಮರಥ ಶಾಂತಿ ದಿನ, ಊಟಕ್ಕೆ ಎಲೆ ಹಾಕೋ ಮುಂಚೆ, ಬಂಧುಬಳಗದವರೆಲ್ಲ ಕೂತಿರುವಾಗ ಕೊಟ್ಟೆ. ಖುಷಿಯಾಗಿ ಕೈಗೆ ತಗೊಂಡ್ರು. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ವಾರೆಯಾಗಿ ಹಿಡಿದು ನೋಡಿದ್ರು. ಕನ್ನಡಕ ತೆಗೆದು ಇನ್ನೊಂದು ಸಲ ನೋಡಿದ್ರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಅಂದ್ರು, "ಅಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ. ಈ ಮುಖ ನಮ್ಮ ಫ್ಯಾಕ್ಟರಿಯದ್ದಲ್ಲ."

ಅವರು ತೋರಿಸಿದ್ದನ್ನ ನೀವೂ ನೋಡಬಹುದು, ದೊಡ್ಡ ವಿದ್ಯೆ ಏನೂ ಬೇಡ. ಡಯಲ್ ಅಂಚಿನ ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಇರಲಿಲ್ಲ. 12ರ ಹತ್ತಿರ ಸರಿ ಇತ್ತು, 4 ಬರುವಷ್ಟರಲ್ಲಿ ಗೆರೆ ಒಂದು ಪಕ್ಕಕ್ಕೆ ಸರಿದಿತ್ತು. ಬ್ರ್ಯಾಂಡ್ ಹೆಸರಿನ ಅಕ್ಷರದ ಕಾಲುಗಳು ದಪ್ಪ, ಅಂಚು ಹರಿದಂತೆ. 6ರ ಕೆಳಗಿನ ಚಿಕ್ಕ ಅಕ್ಷರಗಳು ಕಲಸಿಹೋಗಿ ಓದೋಕೇ ಬರ್ತಿರಲಿಲ್ಲ. ಕಪ್ಪು ಬಣ್ಣದ ಒಳಗೆ ಒಂದು ಧೂಳಿನ ಕಣ ಕೂತು ಅದರ ಮೇಲೇ ಲ್ಯಾಕರ್ ಒಣಗಿತ್ತು. ಇಷ್ಟೂ ಕಂಡದ್ದು ಬರಿಗಣ್ಣಿಗೆ. ಜಾಹೀರಾತಿನ ಫೋಟೋ ಎಲ್ಲಾ ದೂರದಿಂದ, ಗಾಜಿನ ಮೇಲೆ ಹೊಳಪು ಬೀಳೋ ಹಾಗೆ ತೆಗೆದದ್ದು. ಅದು ಸುಮ್ಮನೆ ಹಾಗಾಗಿದ್ದಲ್ಲ ಅಂತ ಈಗ ನನಗೆ ಖಾತ್ರಿ.

ಮಾರನೇ ವಾರ ರಿಪೇರಿಯವರ ಹತ್ತಿರ ಹಿಂದಿನ ಮುಚ್ಚಳ ಬಿಚ್ಚಿಸಿದೆ. ಮೂವ್‌ಮೆಂಟ್, ಅಂದ್ರೆ ಒಳಗಿನ ಮೆಷಿನ್, ಎಚ್‌ಎಂಟಿಯದ್ದೇ, 17 ಜ್ಯುವೆಲ್, ಕೀ ಕೊಟ್ಟರೆ ಓಡೋದು. ಅದರಲ್ಲಿ ತಕರಾರಿಲ್ಲ. ಆದ್ರೆ ಮುಚ್ಚಳದ ಒಳಮೈ ನೋಡಿ ನನಗೆ ಮೈಯೆಲ್ಲಾ ಉರಿದುಹೋಯ್ತು. ಸೂಜಿಮೊನೆಯಲ್ಲಿ ಗೀಚಿದ ಪುಟ್ಟ ಗುರುತುಗಳು, ಬೇರೆ ಬೇರೆ ಕೈಬರಹ. ಹಳೇ ರಿಪೇರಿಯವರು ಸರ್ವಿಸ್ ಮಾಡಿದಾಗ ತಮ್ಮ ಗುರುತು ಹೀಗೆ ಗೀಚಿಡ್ತಿದ್ರು. ಅಂದ್ರೆ ಈ ವಾಚು ಮತ್ತೆ ಮತ್ತೆ ಬಿಚ್ಚಿದ್ದು, ವರ್ಷಗಟ್ಟಲೆ ಯಾರದೋ ಕೈಮೇಲೆ ಓಡಿದ್ದು. "ಒಂದು ಸಲವೂ ಕಟ್ಟಿಲ್ಲ"! ಪಟ್ಟಿ ಸಿಕ್ಕಿಸೋ ಕಿವಿಗಳ ಅಂಚು ಪಾಲಿಶ್ ಚಕ್ರಕ್ಕೆ ಸವೆದು ದುಂಡಗಾಗಿತ್ತು. ಕೀ ಕೊಡೋ ತಿರುಪು ಎಚ್‌ಎಂಟಿಯದ್ದಲ್ಲ, ಹೊರಗಿನದು, ಗಾಜು ಹೊಸದು.

ಡಯಲ್ ಹೇಗೆ ಮಾಡ್ತಾರೆ ಅಂತ ಆ ರಿಪೇರಿಯವರೇ ವಿವರಿಸಿದ್ರು. ಕಲೆಯಾದ ಹಳೇ ಡಯಲ್‌ನ ಬಣ್ಣವನ್ನು ರಾಸಾಯನಿಕ ಹಾಕಿ ಪೂರ್ತಿ ಕಿತ್ತು, ಕೆಳಗಿನ ಹಿತ್ತಾಳೆ ಬಿಲ್ಲೆಗೆ ಹೊಸ ಬಣ್ಣ ಹೊಡೆದು, ಅಂಕಿ-ಅಕ್ಷರ ಮತ್ತೆ ಅಚ್ಚೊತ್ತುತ್ತಾರೆ. ಬಿಲ್ಲೆ ಹಳೇದು, ಮುಖ ಹೊಸದು. ಇದನ್ನೇ ರೀಡಯಲ್ ಅನ್ನೋದು. ರೀಡಯಲ್ ಮಾಡೋದು ನನ್ನ ಪ್ರಕಾರ ತಪ್ಪಲ್ಲ, ಕಟ್ಟಿಕೊಳ್ಳೋಕೆ ಚೆನ್ನಾಗಿರುತ್ತೆ ಅಂತ ಬೇಕಾಗಿಯೇ ತಗೊಳ್ಳೋರಿದ್ದಾರೆ. ರೀಡಯಲ್ ಅಂತ ಹೇಳದೆ ಒರಿಜಿನಲ್ ಬೆಲೆ ಕೀಳೋದು ತಪ್ಪು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋ ತೀರ್ಮಾನ ಮಾಡಿದ ಮೇಲೆ ಹಳೇ ವಾಚಿನ ಮೇಲೆ ಜನಕ್ಕೆ ಆಸೆ ಹೆಚ್ಚಾಯ್ತು. ಆ ಆಸೆಯನ್ನೇ ಇವರು ದುಡ್ಡು ಮಾಡ್ಕೊಳ್ತಿರೋದು.

ಇದನ್ನೆಲ್ಲ ಕೇಳಿದಾಗ ವಾಚು ಮಾರಿದವನು ಕೊಟ್ಟ ಉತ್ತರಗಳು ಈಗ. ಒಂದೊಂದನ್ನೂ ಇಲ್ಲಿ ಹಾಕ್ತೀನಿ, ಏಕೆಂದ್ರೆ ನಿಮಗೂ ಇವೇ ಮಾತು ಬರುತ್ವೆ.

ಮೊದಲು: "ಸರ್, ನಾನು ಒರಿಜಿನಲ್ ಅಂದಿದ್ದು ಮೆಷಿನ್‌ಗೆ." ಜಾಹೀರಾತಲ್ಲಿ ಮೆಷಿನ್ ಅನ್ನೋ ಪದವೇ ಇಲ್ಲ. ಇಡೀ ವಾಚಿಗೆ ಒರಿಜಿನಲ್ ಅಂತ ಬರೆದು, ಸಿಕ್ಕಿಬಿದ್ದಾಗ ಮೆಷಿನ್‌ಗೆ ಮಾತ್ರ ಅಂದ್ರೆ ಹೇಗೆ?

ಆಮೇಲೆ: "ನಂಗೆ ಕೊಟ್ಟೋರು ಒರಿಜಿನಲ್ ಅಂದ್ರು, ನಾನೂ ಅದನ್ನೇ ಹಾಕಿದೆ." ಹಾಗಾದ್ರೆ ಅದನ್ನೇ ಹಾಕಬೇಕಿತ್ತು! "ನನಗೆ ಮಾರಿದವರು ಹಾಗೆ ಹೇಳಿದ್ರು, ನಾನು ಪರೀಕ್ಷೆ ಮಾಡಿಸಿಲ್ಲ" ಅಂತ. ಒಂದು ಸಾಲು. ಆ ಸಾಲು ಇದ್ದಿದ್ರೆ ನಾನು 5,800 ಕೊಡ್ತಿರಲಿಲ್ಲ, ಅದು ಅವನಿಗೂ ಗೊತ್ತು, ಅದಕ್ಕೇ ಹಾಕಲಿಲ್ಲ.

ಯಾರು ಕೊಟ್ಟದ್ದು, ಹೆಸರು ಹೇಳಿ ಅಂದ್ರೆ: "ಅದೆಲ್ಲ ಬಿಸಿನೆಸ್ ಸೀಕ್ರೆಟ್." ಬಿಲ್ ಕೇಳಿದ್ರೆ: "ಐವತ್ತು ವರ್ಷದ ವಾಚಿಗೆ ಬಿಲ್ ಎಲ್ಲಿಂದ ತರ್ಲಿ ಸರ್?" ಸರಿ, ತರೋಕಾಗಲ್ಲ, ಒಪ್ತೀನಿ. ತರೋಕಾಗಲ್ಲ ಅಂದ್ಮೇಲೆ "100% ಗ್ಯಾರಂಟಿ" ಎಲ್ಲಿಂದ ಬಂತು? ಏನನ್ನ ನೋಡಿ ಗ್ಯಾರಂಟಿ ಕೊಟ್ಟೆ? ಇದಕ್ಕೆ ಉತ್ತರ ಬರಲೇ ಇಲ್ಲ. ಬಂದದ್ದು: "ವಿಂಟೇಜ್ ಐಟಂಗೆ ರಿಟರ್ನ್ ಇಲ್ಲ." ಕೊನೆಗೆ: "ಎಚ್‌ಎಂಟಿ ಯಾರ್ ಡುಪ್ಲಿಕೇಟ್ ಮಾಡ್ತಾರೆ ಸರ್, ಅದೇನ್ ರೋಲೆಕ್ಸಾ?" ಅಂತ ನಗೋ ಮುಖ ಹಾಕಿ ಬ್ಲಾಕ್ ಮಾಡಿದ. ಮೂವತ್ತು ವರ್ಷ ಆ ಫ್ಯಾಕ್ಟರಿಯಲ್ಲಿ ಕೂತು ಕೆಲಸ ಮಾಡಿದವರ ಮುಂದೆ ಈ ಮೆಸೇಜು ಓದಿ ಹೇಳೋಕೆ ನನಗೆ ಬಾಯೇ ಬರಲಿಲ್ಲ.

ಈಗ ಮಾರೋರಿಗೆ. ನೀವೆಲ್ಲಾ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಭಾನುವಾರ ಸಂಡೇ ಬಜಾರಲ್ಲಿ ಸಿಕ್ಕಿದ್ದು, ತಾತನ ಪೆಟ್ಟಿಗೆಯಲ್ಲಿ ಇದ್ದದ್ದು, ಇಂಥವನ್ನು ಪ್ರಾಮಾಣಿಕವಾಗಿ ಮಾರೋರು ಎಷ್ಟೋ ಜನ. ರುಜುವಾತು ಇಲ್ಲದೆ ಮಾರೋಕೆ ಯಾರದ್ದೂ ಅಡ್ಡಿಯಿಲ್ಲ, ಬರೆಯೋದು ಸರಿಯಾಗಿ ಬರೀರಿ. ನನ್ನ ವಾಚಿನ ಜಾಹೀರಾತು ಹೀಗಿರಬೇಕಿತ್ತು:

"ಹಳೇ ಎಚ್‌ಎಂಟಿ, ಪೈಲಟ್ ಹೆಸರಿನ ಡಯಲ್. ಬಳಸಿದ ವಾಚು. ಮುಚ್ಚಳ ಬಿಚ್ಚಿಸಿ ನೋಡಿದೆ, ಮೂವ್‌ಮೆಂಟ್ ಮೇಲೆ ಎಚ್‌ಎಂಟಿ ಗುರುತಿದೆ, ಫೋಟೋ ಹಾಕಿದೆ. ಡಯಲ್‌ಗೆ ಮತ್ತೆ ಬಣ್ಣ ಹೊಡೆದಂತೆ ಕಾಣುತ್ತೆ, ಫ್ಯಾಕ್ಟರಿಯದ್ದು ಅಂತ ಹೇಳಲಾರೆ. ಗಾಜು, ತಿರುಪು, ಪಟ್ಟಿ ಬದಲಾಗಿವೆ. ಕೇಸ್ ಪಾಲಿಶ್ ಆಗಿದೆ. ಬಿಲ್, ಬಾಕ್ಸ್ ಇಲ್ಲ. ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಕೊಂಡದ್ದು. ನಿಮ್ಮ ರಿಪೇರಿಯವರಿಗೆ ತೋರಿಸಿ, ಹೇಳಿದ್ದಕ್ಕಿಂತ ಬೇರೆ ಇದ್ದರೆ ಒಂದು ವಾರದೊಳಗೆ ವಾಪಸ್."

ಇದರಲ್ಲಿ ಒರಿಜಿನಲ್ ಅನ್ನೋ ಪದವೇ ಬೇಕಾಗಲಿಲ್ಲ, ನೋಡಿ. ಕಣ್ಣಾರೆ ನೋಡಿದ್ದನ್ನ "ಇದೆ" ಅಂತ, ಖಾತ್ರಿ ಇಲ್ಲದ್ದನ್ನ "ಹೇಳಲಾರೆ" ಅಂತ, ಒಂದೊಂದು ಭಾಗಕ್ಕೂ ಬೇರೆ ಬೇರೆ ಹೇಳಿದೆ. ಬಿಚ್ಚಿಸಿಲ್ಲವಾ? "ಬಿಚ್ಚಿಸಿಲ್ಲ, ಒಳಗೇನಿದೆ ಗೊತ್ತಿಲ್ಲ" ಅಂತ ಹಾಕಿ, ಅದಕ್ಕೆ ತಕ್ಕ ಬೆಲೆ ಹೇಳಿ. "ನನಗೆ ತಿಳಿದ ಮಟ್ಟಿಗೆ ಒರಿಜಿನಲ್" ಅಂತ ಕೆಲವರು ಜಾಣತನ ಮಾಡ್ತಾರೆ. ಅದನ್ನೂ ಬಿಡಿ. ನಿಮಗೆ ತಿಳಿದದ್ದೇನು, ಹೇಗೆ ತಿಳೀತು ಅಂತ ಹೇಳದೆ ಈ ಮಾತು ಹಾಕಿದ್ರೆ ಕೊಳ್ಳೋನ ಕಣ್ಣಿಗೆ ಬೀಳೋದು ಒರಿಜಿನಲ್ ಒಂದೇ. ಎನ್‌ಒಎಸ್ ಅಂತ ಹಾಕೋದಾದ್ರೆ ಯಾವ ಅಂಗಡಿಯ ಮಾಲು, ಟ್ಯಾಗೋ ಡಬ್ಬವೋ ಏನಿದೆ, ತೋರಿಸಿ. ಇಲ್ಲದಿದ್ರೆ ಹಾಕಬೇಡಿ.

ಇನ್ನೊಂದು, ಇದು ಹಳೇ ವಾಚಿಗೆ ಮಾತ್ರ ಅಲ್ಲ, ಶೂ, ಬ್ಯಾಗು, ಪರ್ಫ್ಯೂಮಿಗೂ. ನಕಲಿ ಮಾಲು ಅಂತ ಗೊತ್ತಿದ್ದೂ "ಫಸ್ಟ್ ಕಾಪಿ", "7ಎ ಕ್ವಾಲಿಟಿ" ಅಂತ ನಿಜ ಹೇಳಿ ಮಾರಿದ್ರೆ ಪರವಾಗಿಲ್ಲ ಅಂದ್ಕೊಂಡಿರೋರು ಇದ್ದಾರೆ. ಇಲ್ಲ. ಸುಳ್ಳು ಟ್ರೇಡ್ ಮಾರ್ಕ್ ಇರೋ ಮಾಲು ಮಾರೋದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. ಅದೇ ಸೆಕ್ಷನ್ನಲ್ಲಿ ತಿಳಿಯದೆ ಮಾರಿದವನಿಗೆ ರಕ್ಷಣೆಯೂ ಇದೆ, ಆದ್ರೆ ಅವನು ತಕ್ಕ ಎಚ್ಚರ ವಹಿಸಿರಬೇಕು, ಮಾಲು ಯಾರಿಂದ ಬಂತು ಅಂತ ಕೇಳಿದಾಗ ಹೇಳಬೇಕು. "ಬಿಸಿನೆಸ್ ಸೀಕ್ರೆಟ್" ಅನ್ನೋರು ಇದನ್ನ ಓದಿಕೊಳ್ಳಿ.

ನನ್ನ ವಿಷಯದಲ್ಲಿ ಉಪಯೋಗಕ್ಕೆ ಬಂದದ್ದು ಎರಡು. 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್: ವಿವರ ಹೇಳಿ ಮಾರಿದ್ರೆ ಮಾಲು ಆ ವಿವರಕ್ಕೆ ತಕ್ಕಂತೆ ಇರಲೇಬೇಕು. ಇದು ಅಂಗಡಿಯವರಿಗೆ ಮಾತ್ರ ಅಲ್ಲ. ಇನ್ನೊಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅಸಲಿ ಅಂತ ಸುಳ್ಳು ಹೇಳಿ ಮಾರುವ ಸರಕು ಅದರಡಿ ಬರುತ್ತೆ, ಆದ್ರೆ ಮಾರಿದವನು ವ್ಯಾಪಾರ ಮಾಡೋನಾಗಿರಬೇಕು. ತನ್ನದು "ಪರ್ಸನಲ್ ಸೇಲ್" ಅಂತ ಅವನ ವಾದ. ಅವನ ಪುಟದಲ್ಲಿ ಸಾಲುಸಾಲು ವಾಚುಗಳಿವೆ, ಎಲ್ಲದಕ್ಕೂ ಬೆಲೆ ಇದೆ, ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ. ಮುಚ್ಚಳದ ಒಳಗಿನ ಗೀಚು, ಡಯಲ್‌ನ ಹತ್ತಿರದ ಫೋಟೋ, ರಿಪೇರಿಯವರು ಬರೆದುಕೊಟ್ಟ ಚೀಟಿ ಎಲ್ಲಾ ಜೋಡಿಸಿಟ್ಟಿದೀನಿ.

ಕೊಳ್ಳೋರು ದುಡ್ಡು ಕಳಿಸೋ ಮುಂಚೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಾನು ತೆಗೆದಿದ್ದೆ, ಅದಕ್ಕೇ ಇಷ್ಟಾದ್ರೂ ಮಾತಾಡ್ತಿದೀನಿ. ಮುಚ್ಚಳ ಬಿಚ್ಚಿದ ಫೋಟೋ ಕೇಳಿ, ಡಯಲ್ ಹತ್ತಿರದಿಂದ ಹೊಳಪಿಲ್ಲದೆ ಕೇಳಿ. "ಡಯಲ್ ಫ್ಯಾಕ್ಟರಿಯದ್ದಾ?" ಅಂತ ನೇರ ಕೇಳಿ, ಹೌದು ಅಥವಾ ಗೊತ್ತಿಲ್ಲ ಅಂತ ಬರವಣಿಗೆಯಲ್ಲಿ ಬರದಿದ್ರೆ ಬಿಟ್ಟುಬಿಡಿ.

ನಿನ್ನೆ ಬೇರೆ ನಂಬರಿಂದ ನೋಡಿದೆ. ಅವನ ಪುಟದಲ್ಲಿ ಈಗ ಹಸಿರು ಡಯಲ್‌ನ ಇನ್ನೊಂದು ಪೈಲಟ್ ಬಂದಿದೆ, ಒರಿಜಿನಲ್, ಎನ್‌ಒಎಸ್, 100% ಗ್ಯಾರಂಟಿ, ಅವೇ ಪದಗಳು. ಕಪ್ಪು ಪೈಲಟ್ ಅಥವಾ ಎಚ್‌ಎಂಟಿಯದ್ದೇ ಜನತಾ ವಾಚನ್ನು ಇಂಥದೇ ಮಾತು ನಂಬಿ ತಗೊಂಡವರು ಇಲ್ಲಿ ಇದ್ರೆ ಸ್ಕ್ರೀನ್‌ಶಾಟ್ ಸಮೇತ ನನಗೆ ತಿಳಿಸಿ. ದೂರಿಗೆ ಸೇರಿಸ್ತೀನಿ.